ಬ್ರೇಸ್ ಹೈಟ್, ನಾಕಿಂಗ್ ಪಾಯಿಂಟ್, ಬೋಳು ಬಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಹೊರವಲಯದ ಒಂದು ಖಾಲಿ ಜಾಗದಲ್ಲಿ ನಾವು ಒಂದಿಷ್ಟು ಜನ ಬೆಳಗ್ಗೆ ಬಾಣ ಬಿಡುತ್ತೇವೆ. ಹೊಸಬರಿಗೆ ಹೇಳಿಕೊಡುವ ಕೆಲಸ ನನ್ನದು. ಬಿಲ್ಲು ಕೊಂಡ ಎರಡು ಮೂರು ತಿಂಗಳಿಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಇದು ರಿಕರ್ವ್ ಬಿಲ್ಲಿನ ಮಾತು, ಕಾಂಪೌಂಡ್ ಬಿಲ್ಲಿನ ಲೆಕ್ಕ ಬೇರೆ. ಎಡ ಬಲ ಹೇಳುವ ಕಡೆ ಬಲಗೈಯಲ್ಲಿ ಹೆದೆ ಎಳೆಯುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಎಡಚರು ಅದನ್ನು ತಿರುಗಿಸಿ ಓದಿಕೊಳ್ಳಬೇಕು.

ಬ್ರೇಸ್ ಹೈಟ್ ಅಂದರೆ ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಹೆದೆ ಏರಿಸಿದ ಬಿಲ್ಲಿನಲ್ಲಿ, ಹೆದೆಯಿಂದ ಗ್ರಿಪ್‌ನ ಅತಿ ಆಳದ ಜಾಗಕ್ಕೆ ಇರುವ ದೂರವೇ ಬ್ರೇಸ್ ಹೈಟ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಒತ್ತಿಕೊಳ್ಳುತ್ತದಲ್ಲ, ಆ ಜಾಗ. ಬಾಣಕ್ಕೆ ಪಕ್ಕದಿಂದ ಆನಿಕೆ ಕೊಡುವ ಸ್ಪ್ರಿಂಗ್ ಗುಂಡಿಗೆ ಪ್ಲಂಜರ್ ಅನ್ನುತ್ತೇವೆ. ಕೆಲವರು ಅದರ ತೂತಿನ ನಡುವಿಗೆ ಅಳೆಯುತ್ತಾರೆ. ಅದೂ ತಪ್ಪಲ್ಲ. ಆದರೆ ಎರಡು ಅಳತೆ ಒಂದೇ ಬರುವುದಿಲ್ಲ. ಪಕ್ಕದವನ ಬಿಲ್ಲು 22 ಸೆಂ.ಮೀ. ಅಂತ ನಿಮ್ಮದನ್ನೂ 22ಕ್ಕೆ ತಂದು, ಆಮೇಲೆ ಅವನು ಅಳೆದದ್ದು ಬೇರೆ ಜಾಗಕ್ಕೆ ಅಂತ ಗೊತ್ತಾದರೆ ಶ್ರಮವೆಲ್ಲ ವ್ಯರ್ಥ. ಒಂದು ಜಾಗ ಆರಿಸಿಕೊಳ್ಳಿ, ಯಾವಾಗಲೂ ಅಲ್ಲಿಗೇ ಅಳೆಯಿರಿ. ಗ್ರಿಪ್ ಬದಲಿಸಿದ ದಿನ ಮತ್ತೆ ಅಳೆಯಿರಿ, ಯಾಕೆಂದರೆ ಗ್ರಿಪ್‌ನ ಆಳವೇ ಬದಲಾಗಿರುತ್ತದೆ.

ಅಳೆಯಲು ಟಿ ಆಕಾರದ ಬೋ ಸ್ಕ್ವೇರ್ ಸಿಗುತ್ತದೆ. ಹೆದೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಣ ಕೂರುವ ರೆಸ್ಟ್ ಮೇಲೆ ಇಟ್ಟರೆ ಬ್ರೇಸ್ ಹೈಟ್ ಮತ್ತು ನಾಕಿಂಗ್ ಪಾಯಿಂಟ್, ಅಂದರೆ ಹೆದೆಯ ಮೇಲೆ ಬಾಣದ ಬಾಲ ಸಿಕ್ಕಿಸುವ ಗುರುತು, ಎರಡನ್ನೂ ಓದಬಹುದು. ಬ್ರೇಸ್ ಹೈಟಿಗೆ ಬರೀ ಸ್ಕೇಲ್ ಸಾಕು. ನಾಕಿಂಗ್ ಪಾಯಿಂಟಿಗೆ ಸ್ಕ್ವೇರ್ ಬೇಕೇ ಬೇಕು. ಕಣ್ಣಂದಾಜಿನಲ್ಲಿ ಎರಡು ಮಿಲಿಮೀಟರ್ ಕಾಣುವುದಿಲ್ಲ, ಮತ್ತು ಇಲ್ಲಿ ಎರಡು ಮಿಲಿಮೀಟರಿನದೇ ವಿಷಯ.

ನನ್ನ ಬಿಲ್ಲಿಗೆ ಎಷ್ಟು ಇರಬೇಕು?

ಮೊದಲು ಬಿಲ್ಲಿನ ಜೊತೆ ಬಂದ ಚೀಟಿ ನೋಡಿ. ಅದರಲ್ಲಿ ಒಂದು ಕನಿಷ್ಠ, ಒಂದು ಗರಿಷ್ಠ ಕೊಟ್ಟಿರುತ್ತಾರೆ. ಚೀಟಿ ಕಳೆದುಹೋಗಿದ್ದರೆ, 66 ಇಂಚಿನ ಬಿಲ್ಲನ್ನು 21.3 ಸೆಂ.ಮೀ. ಹತ್ತಿರದಿಂದ, 68 ಇಂಚಿನದನ್ನು 21.6 ಹತ್ತಿರದಿಂದ, 70 ಇಂಚಿನದನ್ನು 21.9 ಹತ್ತಿರದಿಂದ ಶುರು ಮಾಡಿ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿ. ಸಾಮಾನ್ಯವಾಗಿ ಮುಕ್ಕಾಲು ಸೆಂಟಿಮೀಟರಿನೊಳಗೆ ನಿಮ್ಮ ಜಾಗ ಸಿಕ್ಕಿಬಿಡುತ್ತದೆ.

ಸರಿಯಾದ ಜಾಗ ಸಿಕ್ಕಿತು ಅಂತ ಕಿವಿಗೆ ಗೊತ್ತಾಗುತ್ತದೆ. ಬ್ರೇಸ್ ಹೈಟ್ ತೀರಾ ಕಡಿಮೆ ಇದ್ದರೆ ಬಿಟ್ಟ ಕೂಡಲೇ ಹೆದೆ 'ಟಂಗ್' ಅಂತ ಕೂಗುತ್ತದೆ, ಎಡಗೈಯಲ್ಲಿ ಹಿಡಿದ ರೈಸರ್, ಅಂದರೆ ಬಿಲ್ಲಿನ ನಡುಭಾಗ, ನಡುಗುತ್ತದೆ. ಕೆಲವರಿಗೆ ಹೆದೆ ಬಂದು ಆರ್ಮ್ ಗಾರ್ಡಿಗೆ ಬಡಿಯುತ್ತದೆ. ಒಂದೊಂದು ಹಂತದಲ್ಲೂ ಆರು ಬಾಣ ಬಿಟ್ಟು ಕೇಳುತ್ತಾ ಹೋಗಿ. ಒಂದು ಕಡೆ ಸದ್ದು ಮೆತ್ತಗಾಗಿ 'ಥಪ್' ಅನ್ನುತ್ತದೆ. ಇನ್ನೂ ಏರಿಸಿದರೆ ಸದ್ದು ಮತ್ತೆ ಗಡುಸಾಗುತ್ತದೆ. ಮೆತ್ತಗಿದ್ದ ಜಾಗವೇ ನಿಮ್ಮದು. ಬಿಡುವವರಿಗಿಂತ ಪಕ್ಕದಲ್ಲಿ ನಿಂತವರಿಗೆ ಇದು ಚೆನ್ನಾಗಿ ಕೇಳುತ್ತದೆ. ಹಾಗಾಗಿ ಯಾರನ್ನಾದರೂ ಕರೆದು ನಿಲ್ಲಿಸಿಕೊಳ್ಳಿ.

ಕಡಿಮೆ ಇಟ್ಟರೆ ಬಾಣ ಜೋರಾಗಿ ಹೋಗುತ್ತದಂತೆ, ಹೌದಾ?

ಸ್ವಲ್ಪ ಹೌದು. ಬ್ರೇಸ್ ಹೈಟ್ ಕಡಿಮೆ ಇದ್ದರೆ ಹೆದೆ ಬಾಣವನ್ನು ತಳ್ಳುವ ದಾರಿ ಉದ್ದವಾಗುತ್ತದೆ, ವೇಗ ಒಂದು ಚೂರು ಹೆಚ್ಚುತ್ತದೆ. ಆದರೆ ಬಾಣ ಹೆದೆಯ ಮೇಲೆ ಇರುವ ಹೊತ್ತೂ ಅಷ್ಟೇ ಹೆಚ್ಚುತ್ತದೆ. ಬೆರಳು ಬಿಡುವಾಗ ನೀವು ಮಾಡುವ ಪ್ರತಿ ತಪ್ಪೂ ಬಾಣಕ್ಕೆ ಅಂಟಿಕೊಳ್ಳಲು ಅಷ್ಟು ಸಮಯ ಸಿಕ್ಕಿತು ಅಂತ ಅರ್ಥ. ಕಲಿಯುವವರಿಗೆ ಈ ವ್ಯಾಪಾರ ಲಾಭದ್ದಲ್ಲ.

ಏರಿಸುವುದು, ಇಳಿಸುವುದು ಹೇಗೆ?

ಹೆದೆಯನ್ನು ಹುರಿ ಮಾಡಬೇಕು. ಹುರಿ ಹೆಚ್ಚಾದಷ್ಟೂ ಹೆದೆ ಗಿಡ್ಡವಾಗುತ್ತದೆ, ಬ್ರೇಸ್ ಹೈಟ್ ಏರುತ್ತದೆ. ಹುರಿ ಬಿಚ್ಚಿದರೆ ಇಳಿಯುತ್ತದೆ. ಬೋ ಸ್ಟ್ರಿಂಗರ್ ಹಾಕಿ ಹೆದೆ ಇಳಿಸಿ, ಒಂದು ಕುಣಿಕೆ ಬಿಚ್ಚಿ, ಸುತ್ತು ಹಾಕಿ, ಮತ್ತೆ ಏರಿಸಿ, ಅಳೆಯಿರಿ. ಕಾಲಿನ ಸಂದಿಗೆ ಬಿಲ್ಲು ಸಿಕ್ಕಿಸಿ ಬಗ್ಗಿಸುವ ಹಳೇ ಅಭ್ಯಾಸ ಬೇಡ. ಬಿಲ್ಲಿನ ಬಾಗುವ ತೋಳು, ಅಂದರೆ ಲಿಂಬ್, ತಿರುಚಿಕೊಂಡರೆ ಆಮೇಲೆ ಯಾವ ಟ್ಯೂನಿಂಗೂ ಕೆಲಸಕ್ಕೆ ಬರುವುದಿಲ್ಲ.

ಸುತ್ತುವ ದಿಕ್ಕು ಮುಖ್ಯ. ಹೆದೆಯ ನಡುವೆ ದಪ್ಪ ದಾರ ಸುತ್ತಿರುತ್ತಾರಲ್ಲ, ಅದು ಸರ್ವಿಂಗ್. ಅದು ಬಿಗಿಯಾಗುವ ದಿಕ್ಕಿಗೇ ಹುರಿ ಹಾಕಬೇಕು. ಉಲ್ಟಾ ಸುತ್ತಿದರೆ ಸರ್ವಿಂಗ್ ಸಡಿಲವಾಗಿ ಜಾರಲು ಶುರುವಾಗುತ್ತದೆ. ಅದರ ಮೇಲೆ ಕಟ್ಟಿದ ನಾಕಿಂಗ್ ಪಾಯಿಂಟೂ ಜೊತೆಗೇ ಜಾರುತ್ತದೆ.

ಎಷ್ಟು ಸುತ್ತಿಗೆ ಎಷ್ಟು ಮಿಲಿಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಇಲ್ಲ. ಸಡಿಲ ಹುರಿಯ ಹೆದೆಗೆ ಐದು ಸುತ್ತು ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. ಆಗಲೇ ಚೆನ್ನಾಗಿ ಹುರಿಯಾದ ಹೆದೆಗೆ ಅದೇ ಐದು ಸುತ್ತು ಜಾಸ್ತಿ ಕೆಲಸ ಮಾಡುತ್ತದೆ. ಅದಕ್ಕೇ ಪ್ರತಿ ಐದು ಸುತ್ತಿಗೆ ನಿಲ್ಲಿಸಿ ಅಳೆಯಬೇಕು. 68 ಇಂಚಿನ ಬಿಲ್ಲಿನ ಹೆದೆಯಲ್ಲಿ ಒಟ್ಟು 20ರಿಂದ 35 ಸುತ್ತು ಇದ್ದರೆ ಆರಾಮ. ಸುತ್ತಿನ ಮೇಲೆ ಸುತ್ತು ಹಾಕಿ ಹೆದೆ ಗಂಟುಗಂಟಾಗಿ ಮಡಚಿಕೊಳ್ಳುತ್ತಿದ್ದರೆ ಆ ಹೆದೆ ನಿಮ್ಮ ಬಿಲ್ಲಿಗೆ ಉದ್ದವಾಯಿತು. ಗಿಡ್ಡನೆಯದನ್ನು ತನ್ನಿ.

ಹೊಸ ಹೆದೆ ಹಾಕಿದೆ. ಸಂಜೆ ಅಳೆದರೆ ಅರ್ಧ ಸೆಂಟಿಮೀಟರ್ ಇಳಿದಿದೆ. ಹೆದೆ ಕೆಟ್ಟಿದೆಯಾ?

ಇಲ್ಲ. ಹೊಸ ಹೆದೆ ಹಿಗ್ಗುತ್ತದೆ, ಕುಣಿಕೆಗಳು ಕೂತುಕೊಳ್ಳುತ್ತವೆ. ಎಂಬತ್ತು ನೂರು ಬಾಣ ಬಿಡುವವರೆಗೆ ನಾಕಿಂಗ್ ಪಾಯಿಂಟ್ ಹಿಡಿದು ಪರದಾಡಬೇಡಿ. ಬ್ರೇಸ್ ಹೈಟ್ ಮಾತ್ರ ಆಗಾಗ ಏರಿಸಿಕೊಳ್ಳುತ್ತಾ ಬಾಣ ಬಿಡಿ. ಅದು ಒಂದು ಕಡೆ ನಿಂತ ಮೇಲೆ ಮುಂದಿನ ಕೆಲಸ.

ಬಿಸಿಲಿಗೂ ಇದರಲ್ಲಿ ಪಾಲಿದೆ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿದ ಕಾರಿನಲ್ಲಿ ಹೆದೆ ಏರಿಸಿದ ಬಿಲ್ಲನ್ನು ಇಟ್ಟುಹೋದರೆ ಹೆದೆ ಹಿಗ್ಗುವುದಷ್ಟೇ ಅಲ್ಲ, ಲಿಂಬ್‌ಗೂ ಒಳ್ಳೆಯದಲ್ಲ. ನಾನೇ ಒಂದು ಸಲ ಮದುವೆ ಊಟಕ್ಕೆ ಹೋಗಿ ಹಾಗೆ ಬಿಟ್ಟಿದ್ದೆ. ಊಟ ಚೆನ್ನಾಗಿತ್ತು. ಹೆದೆ ಮಾತ್ರ ಆಮೇಲೆ ಒಂದು ಅಳತೆಗೆ ನಿಲ್ಲಲೇ ಇಲ್ಲ, ಬಿಸಾಕಿದೆ.

ನಾಕಿಂಗ್ ಪಾಯಿಂಟ್ ಮೊದಲು ಮಾಡಿಕೊಂಡು ಬ್ರೇಸ್ ಹೈಟ್ ಆಮೇಲೆ ನೋಡಬಹುದಾ?

ಬೇಡ. ಹುರಿ ಹಾಕಿದರೆ ಹೆದೆ ಗಿಡ್ಡವಾಗುತ್ತದೆ, ಅದರ ಮೇಲಿನ ಗುರುತು ಒಂದು ಚೂರು ಸರಿಯುತ್ತದೆ. ಇವತ್ತು ಒಂದೊಂದೇ ಮಿಲಿಮೀಟರ್ ಸರಿಸಿ ಹೊಂದಿಸಿಟ್ಟಿದ್ದು ನಾಳೆ ಹುರಿ ಹಾಕಿದಾಗ ತಪ್ಪುತ್ತದೆ. ಲಿಂಬ್ ಬೋಲ್ಟ್ ತಿರುಗಿಸಿದರೂ ಇದೇ ಕಥೆ. ಹಾಗಾಗಿ ಲಿಂಬ್ ಬೋಲ್ಟ್ ಮೊದಲು, ಬ್ರೇಸ್ ಹೈಟ್ ಆಮೇಲೆ, ನಾಕಿಂಗ್ ಪಾಯಿಂಟ್ ಅದಾದ ಮೇಲೆ, ಪ್ಲಂಜರ್ ಕೊನೆಗೆ. ಹಿಂದಿನದನ್ನು ಮುಟ್ಟಿದರೆ ಮುಂದಿನದನ್ನೆಲ್ಲ ಮತ್ತೆ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಬಾಣ ಸರಿಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ನಾಕಿಂಗ್ ಪಾಯಿಂಟನ್ನು ಎಲ್ಲಿಂದ ಶುರು ಮಾಡಬೇಕು?

ಸ್ಕ್ವೇರನ್ನು ಹೆದೆಗೆ ಸಿಕ್ಕಿಸಿ ರೆಸ್ಟ್ ಮೇಲೆ ಕೂರಿಸಿ. ಅದರ ಸೊನ್ನೆ ಗೆರೆ ರೆಸ್ಟಿಗೆ ನೇರವಾಗಿರುವ ಜಾಗ ತೋರಿಸುತ್ತದೆ. ನಾಕಿಂಗ್ ಪಾಯಿಂಟಿಗೆ ಹೆದೆಯ ಮೇಲೆ ಎರಡು ಗಂಟು ಕಟ್ಟುತ್ತೇವೆ. ಮೇಲಿನ ಗಂಟಿನ ಕೆಳ ಅಂಚು ಆ ಗೆರೆಗಿಂತ 10 ಮಿ.ಮೀ. ಆಸುಪಾಸು ಮೇಲಿರಲಿ. ಬೇಕೆಂದೇ ಸ್ವಲ್ಪ ಎತ್ತರದಿಂದ ಶುರು ಮಾಡುತ್ತೇವೆ. ಮೇಲಿಂದ ಕೆಳಗೆ ಇಳಿಸುವುದು ಸುಲಭ, ಸೂಚನೆಯೂ ಸ್ಪಷ್ಟ. ತೀರಾ ಕೆಳಗಿಂದ ಶುರು ಮಾಡಿದರೆ ಬಾಣ ರೆಸ್ಟಿಗೆ ಬಡಿದು ಸುಳ್ಳು ಹೇಳುತ್ತದೆ. ಆ ಸುಳ್ಳಿನ ವಿಷಯ ಮುಂದೆ ಇದೆ.

ಸೊನ್ನೆಗೇ ಯಾಕೆ ಇಡಬಾರದು ಅಂತ ಕೆಲವರು ಕೇಳುತ್ತಾರೆ. ಬಿಲ್ಲಿನ ನಟ್ಟನಡುವೆ ಇರುವುದು ನಿಮ್ಮ ಕೈ. ಬಾಣ ಇರುವುದು ಅದಕ್ಕಿಂತ ಮೇಲೆ. ಹೆದೆ ಎಳೆಯುವಾಗಲೂ ಒಂದು ಬೆರಳು ಬಾಣದ ಮೇಲೆ, ಎರಡು ಕೆಳಗೆ. ಹೀಗಿರುವಾಗ ಬಾಣದ ಬಾಲವನ್ನು ಸೊನ್ನೆಗೆ ಕೂರಿಸಿದರೆ ಹೊರಡುವಾಗ ಅದು ರೆಸ್ಟನ್ನು ಒತ್ತಿಕೊಂಡು, ಉಜ್ಜಿಕೊಂಡು ಹೋಗುವ ಸಾಧ್ಯತೆ ಹೆಚ್ಚು.

ಹಿತ್ತಾಳೆ ಉಂಗುರ ಒಳ್ಳೆಯದೋ, ದಾರ ಕಟ್ಟುವುದೋ?

ದಾರ. ಹಿತ್ತಾಳೆ ಉಂಗುರವನ್ನು ಇಕ್ಕಳದಲ್ಲಿ ಒತ್ತಿದರೆ ಆಯಿತು, ನಿಜ. ಆದರೆ ಅದು ಭಾರ, ಬೆರಳಿಗೆ ಹಾಕುವ ಫಿಂಗರ್ ಟ್ಯಾಬನ್ನು ಕೊರೆಯುತ್ತದೆ. ಒಂದು ಮಿಲಿಮೀಟರ್ ಸರಿಸಬೇಕೆಂದರೆ ಬಿಚ್ಚಿ ಮತ್ತೆ ಒತ್ತಬೇಕು. ದಾರದ ಗಂಟನ್ನು ಸರ್ವಿಂಗ್ ಮೇಲೆ ನಟ್ಟು ತಿರುಗಿಸಿದ ಹಾಗೆ ತಿರುಗಿಸಿದರೆ ಸಾಕು, ಕೂದಲೆಳೆಯಷ್ಟು ಮೇಲೆ ಕೆಳಗೆ ಹೋಗುತ್ತದೆ.

ಸರ್ವಿಂಗ್ ದಾರವಾಗಲಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹಲ್ಲಿನ ಫ್ಲಾಸ್ ಆಗಲಿ, ಒಂದು ಗೇಣು ಉದ್ದ ತೆಗೆದುಕೊಳ್ಳಿ. ಹೆದೆಯ ಮುಂದೆ ಒಂದು ಅರೆಗಂಟು, ಹಿಂದೆ ಒಂದು ಅರೆಗಂಟು, ಹೀಗೆ ಐದಾರು ಜೊತೆ ಹಾಕಿ ಕೊನೆಗೆ ಗಟ್ಟಿ ಗಂಟು ಬಿಗಿಯಿರಿ. ಹೆದೆಗೆ ಸಿಕ್ಕಿಸುವ ಬಾಣದ ಬಾಲದ ಸೀಳೇ ನಾಕ್. ಅದರ ಮೇಲೊಂದು, ಕೆಳಗೊಂದು. ಅಂಟು ಹಾಕಲು ಆತುರ ಬೇಡ. ಟ್ಯೂನಿಂಗ್ ಮುಗಿದು ಒಂದು ವಾರ ಆದ ಮೇಲೆ ಒಂದು ಹನಿ ಫೆವಿಕ್ವಿಕ್ ಸಾಕು.

ಎರಡು ಗಂಟುಗಳ ನಡುವೆ ನಾಕ್ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಅರ್ಧ ಮಿಲಿಮೀಟರ್ ಆದರೂ ಆಟ ಇರಬೇಕು. ಹೆದೆ ಎಳೆದಾಗ ಅದು ಕೋನವಾಗಿ ಬಾಗುತ್ತದೆ, ಆಗ ಎರಡು ಗಂಟುಗಳು ನಾಕನ್ನು ಹಿಸುಕುತ್ತವೆ. ಪೂರ್ತಿ ಎಳೆದಾಗ ಬಾಣ ರೆಸ್ಟಿನಿಂದ ತಾನಾಗಿ ಎದ್ದರೆ ಮೊದಲು ಈ ಸಂದನ್ನು ನೋಡಿ.

ನಾಕ್ ಹೆದೆಗೆ ಎಷ್ಟು ಬಿಗಿ ಕೂರಬೇಕು?

ಸಿಕ್ಕಿಸಿದಾಗ 'ಟಿಕ್' ಅನ್ನಬೇಕು. ಬಿಲ್ಲನ್ನು ಅಡ್ಡ ಹಿಡಿದು ಬಾಣವನ್ನು ಹೆದೆಯಿಂದ ಕೆಳಕ್ಕೆ ತೂಗಿಬಿಟ್ಟರೆ ಬೀಳಬಾರದು. ಹೆದೆಯನ್ನು ಬೆರಳಲ್ಲಿ ಒಮ್ಮೆ ತಟ್ಟಿದರೆ ಬೀಳಬೇಕು. ತಟ್ಟಿದರೂ ಬೀಳದಷ್ಟು ಬಿಗಿ ಇದ್ದರೆ ಬೋಳು ಬಾಣದ ಪರೀಕ್ಷೆಯೇ ಹಾಳು.

ಈ ಬೋಳು ಬಾಣ ಅಂದರೇನು?

ಗರಿ ಇಲ್ಲದ ಬಾಣ, ಬೇರ್ ಶಾಫ್ಟ್. ನಮ್ಮ ಹುಡುಗರು ಇಟ್ಟ ಹೆಸರು ಬೋಳು ಬಾಣ, ಈಗ ನಾನೂ ಹಾಗೇ ಕರೆಯುತ್ತೇನೆ. ಗರಿ ಇರುವ ಬಾಣ ಹೇಗೇ ಹೊರಟರೂ ಕೆಲವು ಮೀಟರಿನೊಳಗೆ ಗರಿ ಅದನ್ನು ನೇರ ಮಾಡಿಬಿಡುತ್ತದೆ. ತಪ್ಪು ಮುಚ್ಚಿಹೋಗುತ್ತದೆ. ಬೋಳು ಬಾಣಕ್ಕೆ ಮುಚ್ಚಿಕೊಳ್ಳಲು ಏನೂ ಇಲ್ಲ. ಹೇಗೆ ಹೊರಟಿತೋ ಹಾಗೇ ಹೋಗಿ ಬೀಳುತ್ತದೆ.

ನಿಮ್ಮದೇ ಸೆಟ್ಟಿನ ಎರಡು ಬಾಣಗಳ ಗರಿ ಕಿತ್ತುಬಿಡಿ. ಅದೇ ಉದ್ದ, ಅದೇ ತುದಿ, ಅದೇ ನಾಕ್ ಇರಬೇಕು. ಗರಿಯ ತೂಕ ಹೋಯಿತಲ್ಲ, ಅದಕ್ಕೆ ಆ ಜಾಗದಲ್ಲಿ ಅಷ್ಟೇ ತೂಕದ ಎಲೆಕ್ಟ್ರಿಕಲ್ ಟೇಪ್ ಸುತ್ತಿ.

ಜಾಗ್ರತೆಯ ಮಾತು ಒಂದಿದೆ. ಬೋಳು ಬಾಣ ಮೊದಮೊದಲು ಓರೆಯಾಗಿ ಬಂದು ಬಟ್ಟಿಗೆ, ಅಂದರೆ ಗುರಿ ಹಾಕಿದ ಫೋಮ್ ದಿಮ್ಮಿಗೆ, ಬಡಿಯಬಹುದು, ಕಾರ್ಬನ್ ಆದರೆ ಸೀಳಬಹುದು. ಆರೇಳು ಮೀಟರಿನಿಂದ ಶುರು ಮಾಡಿ, ಬಟ್ಟಿನ ಅಕ್ಕಪಕ್ಕ, ಹಿಂದೆ ಯಾರೂ ಇರಬಾರದು. ಕಿತ್ತ ಮೇಲೆ ಪ್ರತಿ ಸಲ ಬಾಣವನ್ನು ಕೈಯಲ್ಲಿ ಬಗ್ಗಿಸಿ ಸದ್ದು ಕೇಳಿ. ಚಿಟಿಚಿಟಿ ಅಂದರೆ ಅದನ್ನು ಮುರಿದು ಎಸೆಯಿರಿ.

ಅದು ಬಿದ್ದ ಜಾಗವನ್ನು ಓದುವುದು ಹೇಗೆ?

18 ಮೀಟರಿನಿಂದ ಮೂರು ಗರಿಬಾಣ, ಎರಡು ಬೋಳು ಬಾಣ, ಎಲ್ಲವನ್ನೂ ಒಂದೇ ಗುರಿಗೆ ಬಿಡಿ. ಈಗ ಮೇಲೆ ಕೆಳಗೆ ಮಾತ್ರ ನೋಡಿ, ಎಡ ಬಲವನ್ನು ಸದ್ಯಕ್ಕೆ ಮರೆತುಬಿಡಿ.

ಬೋಳು ಬಾಣ ಗರಿಬಾಣಗಳಿಗಿಂತ ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಎತ್ತರವಾಗಿದೆ, ಕೆಳಗೆ ಇಳಿಸಿ. ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ ತಗ್ಗಿದೆ, ಮೇಲೆ ಏರಿಸಿ. ಬೋಳು ಬಾಣ ಇರುವ ಕಡೆಗೇ ನಾಕಿಂಗ್ ಪಾಯಿಂಟ್ ಹೋಗಬೇಕು ಅಂತ ನೆನಪಿಟ್ಟುಕೊಂಡರೆ ಗೊಂದಲ ಇಲ್ಲ.

ಕಾರಣವೂ ಸರಳ. ನಾಕಿಂಗ್ ಪಾಯಿಂಟ್ ಎತ್ತರ ಇದ್ದರೆ ಬಾಣ ಬಾಲ ಎತ್ತಿ, ಮೂಗು ತಗ್ಗಿಸಿ ಹೊರಡುತ್ತದೆ. ಗಾಳಿ ಅದರ ಬೆನ್ನ ಮೇಲೆ ಬಡಿದು ಕೆಳಕ್ಕೆ ಒತ್ತುತ್ತದೆ. ಗರಿ ಇದ್ದಿದ್ದರೆ ಬಾಲವನ್ನು ಎಳೆದು ನೇರ ಮಾಡುತ್ತಿತ್ತು. ಇಲ್ಲಿ ಗರಿ ಇಲ್ಲ, ಹಾಗಾಗಿ ದಾರಿಯುದ್ದಕ್ಕೂ ಇಳಿಯುತ್ತಲೇ ಹೋಗುತ್ತದೆ.

ಬಾಣ ಬಟ್ಟಿನಲ್ಲಿ ಯಾವ ಕೋನದಲ್ಲಿ ನಿಂತಿದೆ ಅನ್ನುವುದನ್ನು ಜಾಸ್ತಿ ನಂಬಬೇಡಿ. ಫೋಮ್ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಇರುತ್ತದೆ. ಹಳೇ ತೂತಿಗೆ ಹೋದ ಬಾಣ ತನಗೆ ಬೇಕಾದ ಹಾಗೆ ವಾಲುತ್ತದೆ. ಬಿದ್ದ ಜಾಗ ನೋಡಿ, ಅಷ್ಟೇ.

ಒಂದು ಉದಾಹರಣೆ ಪೂರ್ತಿ ಹೇಳುತ್ತೀರಾ?

ಚಿತ್ರದುರ್ಗದಿಂದ ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಬರುವ ಹುಡುಗನೊಬ್ಬ ಇದ್ದಾನೆ. 68 ಇಂಚಿನ ಬಿಲ್ಲು, ಅವನ ಎಳೆತಕ್ಕೆ 28 ಪೌಂಡ್. "ಅಕ್ಕಾ, ಬಾಣ ಹಾವಿನ ಥರ ಹೋಗ್ತಾ ಇದೆ, ಬಾಣನೇ ಸರಿ ಇಲ್ಲ, ಹೊಸ ಸೆಟ್ ತಗೊಳ್ಳಲಾ?" ಅಂತ ಕೇಳಿದ. ಮೊದಲು ಅಳೆಯೋಣ ತಡಿ ಅಂದೆ.

ಬ್ರೇಸ್ ಹೈಟ್ 20.9 ಇತ್ತು. ಹೆದೆ ಬಿಚ್ಚಿ ಸುತ್ತು ಎಣಿಸಿದರೆ ಬರೀ 14. ಕೊಂಡ ದಿನ ಅಂಗಡಿಯಲ್ಲಿ ಏರಿಸಿಕೊಟ್ಟದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಐದು ಸುತ್ತು ಹಾಕಿದೆವು, 21.2 ಆಯಿತು. ಇನ್ನೈದು ಹಾಕಿದೆವು, 21.7. ಎರಡನೇ ಐದು ಹೆಚ್ಚು ಏರಿಸಿದ್ದನ್ನು ಗಮನಿಸಿ. ಅಲ್ಲಿ ಆರು ಬಾಣ ಬಿಟ್ಟ, ಕೂಗಾಟ ಅರ್ಧ ಕಡಿಮೆಯಾಗಿತ್ತು. ಇನ್ನು ಮೂರು ಸುತ್ತಿಗೆ 22.0. ಅಲ್ಲಿ ಹೆದೆ ಮೆತ್ತಗಾಯಿತು. ಇನ್ನೂ ಎರಡು ಸುತ್ತು ಹಾಕಿ ನೋಡಿದಾಗ ಸದ್ದು ಮತ್ತೆ ಗಡುಸಾಯಿತು. ಆ ಎರಡನ್ನು ಬಿಚ್ಚಿ 22.0ಕ್ಕೇ ನಿಲ್ಲಿಸಿದೆವು. ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು.

ಆಮೇಲೆ ನಾಕಿಂಗ್ ಪಾಯಿಂಟ್. ಸ್ಕ್ವೇರ್ ಇಟ್ಟರೆ 11 ಮಿ.ಮೀ. ಮೇಲಿತ್ತು. 18 ಮೀಟರಿನಿಂದ ಬಿಟ್ಟ. ಮೂರು ಗರಿಬಾಣ ಅಂಗೈಯಗಲದಲ್ಲಿ ಕೂತವು. ಎರಡು ಬೋಳು ಬಾಣ ಅವುಗಳಿಗಿಂತ 16 ಸೆಂ.ಮೀ. ಕೆಳಗೆ, ಒಂದರ ಪಕ್ಕ ಒಂದು. ಈ 'ಒಂದರ ಪಕ್ಕ ಒಂದು' ನನಗೆ ಮುಖ್ಯ. ಎರಡೂ ಒಂದೇ ಮಾತು ಹೇಳುತ್ತಿವೆ ಅಂದರೆ ತಪ್ಪು ಬಿಲ್ಲಿನದು, ಬಿಡುವವನ ಕೈಯದಲ್ಲ.

ಗಂಟನ್ನು ತಿರುಗಿಸಿ 2 ಮಿ.ಮೀ. ಇಳಿಸಿದೆವು. ಬೋಳು ಬಾಣ 9 ಸೆಂ.ಮೀ. ಕೆಳಗೆ ಬಂತು. ಮತ್ತೆ ಅದೇ ಐದು ಬಾಣ ಬಿಟ್ಟು ಖಚಿತ ಮಾಡಿಕೊಂಡೆವು. ಇನ್ನು 2 ಮಿ.ಮೀ. ಇಳಿಸಿದ ಮೇಲೆ 3 ಸೆಂ.ಮೀ. ಕೆಳಗೆ. ಅಲ್ಲಿಗೆ ನಿಲ್ಲಿಸು ಅಂದೆ. ಅವನಿಗೆ ಪೂರ್ತಿ ಸೊನ್ನೆಗೆ ತರುವ ಆಸೆ. ಆದರೆ ಬೋಳು ಬಾಣ ಒಂದು ಚೂರು ಕೆಳಗಿರುವುದೇ ಕ್ಷೇಮ. ನಾಕಿಂಗ್ ಪಾಯಿಂಟ್ ತೀರಾ ತಗ್ಗಿಲ್ಲ, ಬಾಣ ರೆಸ್ಟಿಗೆ ಉಜ್ಜುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಕೊನೆಯ ಅಳತೆ: ಬ್ರೇಸ್ ಹೈಟ್ 22.0 ಸೆಂ.ಮೀ., ನಾಕಿಂಗ್ ಪಾಯಿಂಟ್ 7 ಮಿ.ಮೀ. ಮೇಲೆ. ಲಿಂಬ್‌ನ ಒಳಬದಿಗೆ ಟೇಪ್ ಅಂಟಿಸಿ ಪೆನ್ನಲ್ಲಿ ಬರೆದ. ಹೊಸ ಬಾಣದ ಸೆಟ್ ಕೊಳ್ಳಲಿಲ್ಲ.

ಇಳಿಸಿದರೂ ಬೋಳು ಬಾಣ ಕೆಳಗೇ ಬೀಳುತ್ತಿದೆ. ಇನ್ನೂ ಇಳಿಸಲಾ?

ನಿಲ್ಲಿಸಿ. ಇದೇ ನಾನು ಮೊದಲು ಹೇಳಿದ ಸುಳ್ಳು. ನಾಕಿಂಗ್ ಪಾಯಿಂಟ್ ತೀರಾ ತಗ್ಗಿದ್ದಾಗ ಬಾಣದ ಬಾಲ ರೆಸ್ಟಿಗೆ ಬಡಿದು ಮೇಲಕ್ಕೆ ಪುಟಿಯುತ್ತದೆ. ಬಾಲ ಎದ್ದಿತು ಅಂದರೆ ಮೂಗು ತಗ್ಗಿತು, ಬಾಣ ಕೆಳಗೆ ಬಿತ್ತು. ನೋಡುವವರಿಗೆ ನಾಕಿಂಗ್ ಪಾಯಿಂಟ್ ಎತ್ತರವಾಗಿರುವ ಹಾಗೇ ಕಾಣುತ್ತದೆ. ನೀವು ಇಳಿಸುತ್ತೀರಿ, ಇನ್ನೂ ಜೋರಾಗಿ ಬಡಿಯುತ್ತದೆ.

ಪತ್ತೆ ಹಚ್ಚಲು ಗರಿಬಾಣದ ಹಿಂಭಾಗಕ್ಕೆ, ರೆಸ್ಟಿಗೆ, ರೆಸ್ಟಿನ ಕೆಳಗಿನ ರೈಸರಿಗೆ ಟಾಲ್ಕಂ ಪೌಡರ್ ಹಚ್ಚಿ ಒಂದು ಬಾಣ ಬಿಡಿ. ಬಡಿದ ಕಡೆ ಪೌಡರ್ ಒರೆಸಿಹೋಗಿರುತ್ತದೆ. ಪೌಡರ್ ಕಾಣದಿದ್ದರೆ ಲಿಪ್‌ಸ್ಟಿಕ್ ಗರಿಯ ಅಂಚಿಗೆ ಸವರಿ, ಮನೆಯಲ್ಲಿ ಕೇಳಿ ತನ್ನಿ, ಸುಮ್ನೆ ಎತ್ತಿಕೊಂಡು ಬಂದರೆ ಜಗಳ. ಗುರುತು ಕಂಡರೆ ನಾಕಿಂಗ್ ಪಾಯಿಂಟನ್ನು ಒಂದೇ ಸಲ 5-6 ಮಿ.ಮೀ. ಮೇಲೆ ತೆಗೆದುಕೊಂಡು ಹೋಗಿ, ಅಲ್ಲಿಂದ ಮತ್ತೆ ಶುರು ಮಾಡಿ. ನೀವು ಸರಿಸಿದ ದಿಕ್ಕಿಗೆ ಬಾಣ ಉತ್ತರ ಕೊಡುತ್ತಾ ಬಂದರೆ ಅದು ನಿಜ ಹೇಳುತ್ತಿದೆ. ಎರಡು ಸಲ ಸರಿಸಿದರೂ ಉತ್ತರ ಬರಲಿಲ್ಲ ಅಂದರೆ ಬೇರೆ ಏನೋ ಅಡ್ಡ ಇದೆ.

ಬೋಳು ಬಾಣ ಒಂದು ಮೇಲೆ, ಒಂದು ಕೆಳಗೆ ಬಿದ್ದರೆ?

ಆಗ ಬಿಲ್ಲನ್ನು ಮುಟ್ಟಬೇಡಿ. ಎರಡು ಬೋಳು ಬಾಣಗಳ ನಡುವೆಯೇ ಹತ್ತಿಪ್ಪತ್ತು ಸೆಂಟಿಮೀಟರ್ ಇದ್ದರೆ ಅದರಿಂದ ಏನನ್ನೂ ಓದಲಾಗುವುದಿಲ್ಲ. ಬಹಳ ಸಲ ಕಾರಣ ಬೆರಳು. ಸುಸ್ತಾದಾಗ ಉಂಗುರ ಬೆರಳು ಸಡಿಲ ಬೀಳುತ್ತದೆ, ಭಾರವೆಲ್ಲ ತೋರುಬೆರಳಿಗೆ ಬಂದು ಅದು ನಾಕನ್ನು ಕೆಳಕ್ಕೆ ಒತ್ತುತ್ತದೆ. ಒಂದು ಬಾಣಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ.

ನನ್ನ ಅಳತೆಗೋಲು ಇದು: 18 ಮೀಟರಿನಿಂದ ಆರು ಗರಿಬಾಣ ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವವರೆಗೆ ಬೋಳು ಬಾಣದ ತಂಟೆ ಬೇಡ. ಅಲ್ಲಿಯವರೆಗೆ ಬ್ರೇಸ್ ಹೈಟ್ ಸರಿ ಇಟ್ಟುಕೊಳ್ಳಿ, ನಾಕಿಂಗ್ ಪಾಯಿಂಟ್ 8 ಮಿ.ಮೀ. ಇಟ್ಟು ಅಭ್ಯಾಸ ಮಾಡಿ.

ಎಡ ಬಲ ಯಾವಾಗ ನೋಡುವುದು?

ಮೇಲೆ ಕೆಳಗೆ ಸರಿಹೋದ ಮೇಲೆ. ಬಾಲ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಎಡ ಬಲದ ಓದೂ ತಪ್ಪುತ್ತದೆ. ಬೋಳು ಬಾಣ ಗರಿಬಾಣಗಳ ಎಡಕ್ಕೆ ಬಿದ್ದರೆ ಬಾಣ ನಿಮ್ಮ ಬಿಲ್ಲಿಗೆ ಗಡುಸಾಯಿತು, ಪ್ಲಂಜರ್ ಸ್ಪ್ರಿಂಗನ್ನು ಸಡಿಲ ಮಾಡಿ. ಬಲಕ್ಕೆ ಬಿದ್ದರೆ ಬಾಣ ಮೆತ್ತಗಾಯಿತು, ಸ್ಪ್ರಿಂಗ್ ಬಿಗಿ ಮಾಡಿ. ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸವನ್ನು ಪ್ಲಂಜರ್ ಸರಿ ಮಾಡುತ್ತದೆ. ಬೋಳು ಬಾಣ ಬಟ್ಟಿನ ಅಂಚಿಗೇ ಹೋಗಿ ಬೀಳುತ್ತಿದ್ದರೆ ಅದು ಪ್ಲಂಜರಿನ ಕೈಮೀರಿದ್ದು. ಬಾಣದ ಗಡಸು, ಉದ್ದ, ತುದಿಯ ತೂಕ ನೋಡಬೇಕು. ಅದು ಇನ್ನೊಂದು ದೊಡ್ಡ ಪುಟ, ಇಲ್ಲಿ ಬೇಡ.

ಚಿತ್ರದುರ್ಗದಲ್ಲಿ ಅಭ್ಯಾಸ ಮಾಡುತ್ತೇವೆ, ಯಾವಾಗಲೂ ಗಾಳಿ. ಹೇಗೆ ಟ್ಯೂನ್ ಮಾಡುವುದು?

ಆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ ಅಲ್ವಾ. ಆಷಾಢದಲ್ಲಂತೂ ಹೊರಗೆ ಬೋಳು ಬಾಣ ಬಿಡುವುದೇ ದಂಡ. ಗರಿ ಇಲ್ಲದ ಬಾಣವನ್ನು ಅಡ್ಡಗಾಳಿ ಎತ್ತಲೋ ಒಯ್ಯುತ್ತದೆ, ನೀವು ಪ್ಲಂಜರ್ ತಿರುಗಿಸುತ್ತಾ ಕೂರುತ್ತೀರಿ. ಬೆಳಗ್ಗೆ ಆರು ಆರೂವರೆಗೆ, ಗಾಳಿ ಏಳುವ ಮೊದಲು ಮುಗಿಸಿ. ಇಲ್ಲವೇ ಉದ್ದನೆಯ ಗೋದಾಮೋ ಕಲ್ಯಾಣ ಮಂಟಪವೋ ಖಾಲಿ ಸಿಕ್ಕಿದರೆ ಬಾಗಿಲುಗಳನ್ನೆಲ್ಲ ಒಳಗಿಂದ ಚಿಲಕ ಹಾಕಿ ಅಲ್ಲಿ ಮಾಡಿ. 18 ಮೀಟರ್ ಸಿಗದಿದ್ದರೆ 12 ಮೀಟರಿನಲ್ಲೂ ಮೇಲೆ ಕೆಳಗಿನ ಓದು ಸಿಗುತ್ತದೆ, ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ ಅಷ್ಟೇ.

ಒಮ್ಮೆ ಮಾಡಿದರೆ ಎಷ್ಟು ದಿನ ನಡೆಯುತ್ತದೆ?

ಬ್ರೇಸ್ ಹೈಟನ್ನು ಪ್ರತಿದಿನ ಹೆದೆ ಏರಿಸಿದ ಕೂಡಲೇ ಅಳೆಯಿರಿ, ಹತ್ತಿಪ್ಪತ್ತು ಬಾಣ ಆದ ಮೇಲೆ ಇನ್ನೊಮ್ಮೆ. 2-3 ಮಿ.ಮೀ. ಇಳಿದಿದ್ದರೆ ಒಂದೆರಡು ಸುತ್ತು ಹಾಕಿ. ನಾಕಿಂಗ್ ಪಾಯಿಂಟ್ ಗಂಟಿನ ಎರಡೂ ಬದಿಗೆ ಸರ್ವಿಂಗ್ ಮೇಲೆ ಸಣ್ಣ ಪೆನ್ ಗುರುತು ಹಾಕಿಡಿ, ಜಾರಿದರೆ ಕಣ್ಣಿಗೇ ಕಾಣುತ್ತದೆ. ಹೆದೆ, ಲಿಂಬ್, ರೆಸ್ಟ್, ನಾಕ್, ಫಿಂಗರ್ ಟ್ಯಾಬ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಬೋಳು ಬಾಣವನ್ನು ಮತ್ತೆ ಹೊರತೆಗೆಯಿರಿ. ಟ್ಯಾಬಿನ ವಿಷಯ ಯಾರೂ ನಂಬುವುದಿಲ್ಲ. ಹೊಸ ದಪ್ಪ ಚರ್ಮದ ಟ್ಯಾಬ್ ಹಾಕಿಕೊಂಡ ವಾರ ನನ್ನದೇ ಬೋಳು ಬಾಣ 6 ಸೆಂ.ಮೀ. ಮೇಲೆ ಹೋಗಿತ್ತು. ಚರ್ಮ ಪಳಗಿದ ಮೇಲೆ ನಾಕಿಂಗ್ ಪಾಯಿಂಟನ್ನು ಮುಟ್ಟದೆಯೇ ತಾನಾಗಿ ಇಳಿಯಿತು.